ನಳ್ಳಿಗೆ ನೀರು, ತೊಡೆಗೆ ಒಣಶಾಖ

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಮತ್ತು ಆ ದಿನಗಳಲ್ಲಿ ನನ್ನಂತಹ ಸಣ್ಣ ಖಾನಾವಳಿಯವರಿಗೆ ಬಿಡುವೆಂಬುದೇ ಇರುವುದಿಲ್ಲ. ಅಂತಹ ಒಂದು ಜಾತ್ರೆಯಲ್ಲಿ ನಲವತ್ತು ಮಂದಿಯ ಊಟಕ್ಕೆಂದು 8 ಕಿಲೋ ಕುರಿಮಾಂಸ ತರಲು ಹೋಗಿದ್ದೆ. ಮಟನ್ ಅಂಗಡಿಯವರು ರೂಢಿಯಂತೆ ‘ಎಲ್ಲಾ ಮಿಕ್ಸ್ ಮಾಡಿ ಹೊಡೀಲಾ ಅಣ್ಣಾ?’ ಎಂದು ಕೇಳಿದರು, ನಾನೂ ರೂಢಿಯಂತೆ ತಲೆಯಾಡಿಸಿದೆ. ತೊಡೆ, ಮಂಡಿಯ ಕೆಳಗಿನ ಕಾಲಿನ ಭಾಗವಾದ ನಳ್ಳಿ, ಕುತ್ತಿಗೆ, ಬೆನ್ನಿನ ಚಾಪ್ಸ್ ಎಲ್ಲವೂ ಒಂದೇ ಅಳತೆಯ ತುಂಡುಗಳಾಗಿ ಒಂದೇ ಪಾತ್ರೆಗೆ ಬಿದ್ದವು. ಎರಡು ಗಂಟೆಯ ನಂತರ ನಳ್ಳಿಯ ಮಾಂಸ ಇನ್ನೂ ಎಲುಬನ್ನು ಕಚ್ಚಿಕೊಂಡಿತ್ತು, ತೊಡೆಯ ತುಂಡುಗಳು ಬಾಯಲ್ಲಿ ಹತ್ತಿಯಂತಾಗಿದ್ದವು. ಒಂದೇ ಸಾರು, ಒಂದೇ ಉರಿ, ಆದರೂ ಎರಡು ವಿರುದ್ಧ ದೋಷಗಳು ಹೇಗೆ ಬಂದವೆಂಬುದನ್ನು ತಿಳಿಯಲು ಹೊರಟಾಗಲೇ ನಾನು ಮಾಂಸವನ್ನು ಬೇರೆ ಬೇರೆಯಾಗಿ ಕೊಳ್ಳಲು ಆರಂಭಿಸಿದೆ.

ಕಾರಣ ಕುರಿಯ ನಡಿಗೆಯಲ್ಲಿದೆ. ದಿನವಿಡೀ ಮೇಯುತ್ತಾ ಅಲೆಯುವ ಕುರಿಯ ಕಾಲು, ಕುತ್ತಿಗೆ, ಭುಜಗಳ ಸ್ನಾಯುಗಳ ನಡುವೆ ಬಿಳಿಯ ನಾರಿನಂತಹ ಕೊಲಾಜೆನ್ ಹೇರಳವಾಗಿರುತ್ತದೆ. ಬೆನ್ನಿನ ಸ್ನಾಯು ಹೆಚ್ಚು ದುಡಿಯುವುದಿಲ್ಲವಾದ್ದರಿಂದ ಅಲ್ಲಿ ಅದು ಬಹಳ ಕಡಿಮೆ, ತೊಡೆಯಲ್ಲಿ ಮಧ್ಯಮ. ಈ ಕೊಲಾಜೆನ್ ಕರಗಿ ಜೆಲಟಿನ್ ಆಗಲು ಮಾಂಸದ ಒಳಗೆ ಸುಮಾರು 70 ಡಿಗ್ರಿಗಿಂತ ಹೆಚ್ಚಿನ ಶಾಖ ಇರಬೇಕು, ಜೊತೆಗೆ ಗಂಟೆಗಟ್ಟಲೆ ಸಮಯವೂ ಬೇಕು. ಆದರೆ ಮಾಂಸದ ಎಳೆಗಳು 60 ಡಿಗ್ರಿ ದಾಟುತ್ತಿದ್ದಂತೆ ಕುಗ್ಗಿ ತಮ್ಮ ನೀರನ್ನು ಹಿಂಡಿ ಹೊರಹಾಕುತ್ತವೆ. ನಳ್ಳಿಯಲ್ಲಿ ಕರಗಿದ ಜೆಲಟಿನ್ ಆ ಒಣಗಿದ ಎಳೆಗಳ ನಡುವೆ ಹರಡಿ ಅವುಗಳನ್ನು ಮೃದುವಾಗಿಸುತ್ತದೆ. ತೊಡೆಯಲ್ಲಿ ಹಾಗೆ ಹರಡಲು ಸಾಕಷ್ಟು ಜೆಲಟಿನ್ ಸಿಗುವುದಿಲ್ಲ, ಆದ್ದರಿಂದ ಹೆಚ್ಚು ಹೊತ್ತು ಬೇಯಿಸಿದಷ್ಟೂ ಅದು ಒಣಗುತ್ತದೆ, ಸಾರಿನಲ್ಲಿ ಮುಳುಗಿದ್ದರೂ ಒಣಗುತ್ತದೆ. ಸುತ್ತ ನೀರಿದೆ ಎಂದ ಮಾತ್ರಕ್ಕೆ ಮಾಂಸದ ಒಳಗೆ ತೇವ ಉಳಿಯುವುದಿಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆದ ಸಂಗತಿ.

ಈಗ ನಾನು ನಳ್ಳಿ ಮತ್ತು ಕುತ್ತಿಗೆಯನ್ನು ಮಾತ್ರ ಬ್ರೇಸಿಂಗ್ ಮಾಡುತ್ತೇನೆ, ಅಂದರೆ ಮೊದಲು ಎಣ್ಣೆಯಲ್ಲಿ ಕೆಂಪಗೆ ಹುರಿದು ಆಮೇಲೆ ಸ್ವಲ್ಪವೇ ನೀರಿನಲ್ಲಿ ಮುಚ್ಚಳ ಹಾಕಿ ನಿಧಾನವಾಗಿ ಬೇಯಿಸುತ್ತೇನೆ. 2 ಕಿಲೋ ಮಾಂಸಕ್ಕೆ ಒಂದೂವರೆ ಚಮಚ ಉಪ್ಪು ಸವರಿ, ಬಟ್ಟೆಯಿಂದ ಮೇಲ್ಮೈಯ ತೇವ ಒರೆಸಿ, ದಪ್ಪ ತಳದ ಪಾತ್ರೆಯಲ್ಲಿ ನಾಲ್ಕೈದು ತುಂಡುಗಳಂತೆ ಹುರಿಯುತ್ತೇನೆ. ಒಮ್ಮೆಗೇ ಎಲ್ಲವನ್ನೂ ಸುರಿದರೆ ಮಾಂಸ ನೀರು ಬಿಟ್ಟು ಪಾತ್ರೆ ತಣ್ಣಗಾಗುತ್ತದೆ, ಬಣ್ಣ ಬರುವುದೇ ಇಲ್ಲ. ಈ ಹುರಿಯುವಿಕೆಯನ್ನು ಬಿಟ್ಟರೆ ಆ ರುಚಿ ಮುಂದೆ ಎಲ್ಲಿಯೂ ಸಿಗದು, ಏಕೆಂದರೆ ಮಾಂಸ ಚೆನ್ನಾಗಿ ಕೆಂಪಾಗಲು ಸುಮಾರು 140 ಡಿಗ್ರಿ ಬೇಕು, ನಮ್ಮ ಊರಿನ ಎತ್ತರದಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಬಳಿಕ ಅದೇ ಪಾತ್ರೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಬಾಡಿಸಿ, ಮಾಂಸದ ಅರ್ಧ ಎತ್ತರಕ್ಕೆ ಮಾತ್ರ ಬಿಸಿನೀರು ಹಾಕಿ, ಎಲ್ಲೋ ಒಂದು ಗುಳ್ಳೆ ಏಳುವಷ್ಟು ಸಣ್ಣ ಉರಿಯಲ್ಲಿ ಮುಚ್ಚಿಡುತ್ತೇನೆ.

ಎಲ್ಲರೂ ಎಡವುವುದು ಒಂದು ಗಂಟೆಯ ಹೊತ್ತಿನಲ್ಲಿ. ಆಗ ತುಂಡೊಂದನ್ನು ತೆಗೆದು ಕಚ್ಚಿದರೆ ಅದು ಮೊದಲಿಗಿಂತ ಗಟ್ಟಿಯಾಗಿರುತ್ತದೆ, ಏಕೆಂದರೆ ಎಳೆಗಳು ಕುಗ್ಗಿಯಾಗಿವೆ, ಕೊಲಾಜೆನ್ ಇನ್ನೂ ಕರಗಿಲ್ಲ. ಬೆಂದು ಹೆಚ್ಚಾಯಿತೆಂದು ತಿಳಿದು ಇಳಿಸುವವರನ್ನೂ, ಗಾಬರಿಯಿಂದ ಉರಿ ಜೋರು ಮಾಡುವವರನ್ನೂ ನಾನು ನೋಡಿದ್ದೇನೆ, ಹಿಂದೆ ಎರಡನ್ನೂ ಮಾಡಿದ್ದೇನೆ. ಸುಮ್ಮನೆ ಬಿಟ್ಟರೆ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಎಲುಬನ್ನು ಹಿಡಿದು ತಿರುಗಿಸಿದಾಗ ಅದು ಮಾಂಸದೊಳಗೆ ಸಡಿಲವಾಗಿ ಆಡುತ್ತದೆ. ನನಗೆ ಗಡಿಯಾರಕ್ಕಿಂತ ಆ ಎಲುಬಿನ ಮೇಲೆಯೇ ನಂಬಿಕೆ. ಉಳಿದ ಸಾರನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಗಟ್ಟಿ ಹೆಪ್ಪಾಗಿರುತ್ತದೆ, ಆ ಹೆಪ್ಪು ಕರಗಿದ ಕೊಲಾಜೆನ್ನೇ. ಕುಕ್ಕರಿನಲ್ಲಿ ಇದೇ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ ಎಂಬುದು ನಿಜ, ಆದರೆ ಮುಚ್ಚಳ ತೆಗೆಯದೆ ಎಲುಬನ್ನು ತಿರುಗಿಸಿ ನೋಡಲಾಗದು, ಮತ್ತು ಸೀಟಿಯ ಲೆಕ್ಕ ಒಂದೊಂದು ಕುಕ್ಕರಿಗೆ ಒಂದೊಂದು.

ಇದೇ ಪಾತ್ರೆಯಲ್ಲಿ ಆಲೂಗಡ್ಡೆ ನನಗೊಂದು ಪಾಠ ಕಲಿಸಿತು. ಮೊದಲಿಗೇ ಹುಣಸೆರಸ ಹಿಂಡಿ, ನಳ್ಳಿಯ ಜೊತೆಯಲ್ಲೇ ಆಲೂಗಡ್ಡೆ ಹಾಕಿ, ಗುಳ್ಳೆಯೂ ಏಳದಷ್ಟು ಸಣ್ಣ ಉರಿಯಲ್ಲಿಟ್ಟಿದ್ದೆ. ಮೂರು ಗಂಟೆಯಲ್ಲಿ ಮಾಂಸ ಮೆತ್ತಗಾದರೂ ಆಲೂಗಡ್ಡೆ ಕರಕರ ಎನ್ನುತ್ತಿತ್ತು. ತರಕಾರಿಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸಡಿಲವಾಗಲು ಮಾಂಸಕ್ಕಿಂತ ಹೆಚ್ಚಿನ ಶಾಖ, ಹೆಚ್ಚುಕಡಿಮೆ 85 ಡಿಗ್ರಿಗಿಂತ ಮೇಲೆ ಬೇಕು, ಹುಳಿ ಇದ್ದರೆ ಅದು ಇನ್ನೂ ಹಟ ಹಿಡಿಯುತ್ತದೆ. ಹಾಗಾಗಿ ಈಗ ಆಲೂಗಡ್ಡೆಯನ್ನು ಕೊನೆಯ ಅರ್ಧ ಗಂಟೆಯಲ್ಲಿ ಹಾಕಿ ಉರಿಯನ್ನು ಸ್ವಲ್ಪ ಏರಿಸುತ್ತೇನೆ, ಅದು ಬೆಂದ ಮೇಲೆಯೇ ಹುಣಸೆ. ಬದನೆಕಾಯಿಯನ್ನಂತೂ ಈ ಪಾತ್ರೆಗೆ ಸೇರಿಸುವುದನ್ನೇ ಬಿಟ್ಟಿದ್ದೇನೆ. ಅದರ ಸಿಪ್ಪೆಯೇ ಅದಕ್ಕೆ ಮುಚ್ಚಳ, ಕೆಂಡದ ಮೇಲಿಟ್ಟರೆ ಹೊರಗೆ ಸುಟ್ಟು, ಒಳಗೆ ತನ್ನ ನೀರಿನಲ್ಲಿ ತಾನೇ ಬೇಯುತ್ತದೆ.

ತೊಡೆಗೆ ಒಣಶಾಖ, ಅಂದರೆ ರೋಸ್ಟಿಂಗ್. ಎಲುಬು ಸಹಿತ 2 ಕಿಲೋ ತೊಡೆಗೆ ಹಿಂದಿನ ರಾತ್ರಿಯೇ ಉಪ್ಪು ಸವರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡುತ್ತೇನೆ. ಮೇಲ್ಮೈ ಒಣಗಿದ್ದರೆ ಓವನ್ನಿನ ಶಾಖ ನೀರನ್ನು ಆವಿ ಮಾಡುವುದರಲ್ಲಿ ವ್ಯರ್ಥವಾಗದೆ ನೇರವಾಗಿ ಬಣ್ಣ ತರುತ್ತದೆ. 160 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆ, ಆದರೆ ನಿರ್ಧಾರ ಥರ್ಮಾಮೀಟರಿನದು. ಎಲುಬಿಗೆ ತಾಗದಂತೆ ದಪ್ಪ ಭಾಗದ ನಡುವೆ ಚುಚ್ಚಿ, 67 ಬಂದಾಗ ಹೊರತೆಗೆದು ಇಪ್ಪತ್ತು ನಿಮಿಷ ಸುಮ್ಮನೆ ಇಡುತ್ತೇನೆ. ಆ ಹೊತ್ತಿನಲ್ಲಿ ಹೊರಗಿನ ಶಾಖ ಒಳಕ್ಕೆ ಸಾಗಿ ಇನ್ನೂ ನಾಲ್ಕೈದು ಡಿಗ್ರಿ ಏರುತ್ತದೆ. ನಮ್ಮ ಗಿರಾಕಿಗಳು ಕೆಂಪು ಕಂಡರೆ ತಟ್ಟೆ ಸರಿಸುತ್ತಾರೆ, ಇಲ್ಲವಾದರೆ 60ರ ಹತ್ತಿರವೇ ತೆಗೆಯುವುದು ನನ್ನ ಇಷ್ಟ. ಚಾಪ್ಸಿಗೆ ಕಾದ ಕಬ್ಬಿಣದ ಹಂಚಿನ ಮೇಲೆ ಒಂದೊಂದು ಬದಿಗೆ ನಾಲ್ಕು ನಿಮಿಷ ಸಾಕು.

ಇದೆಲ್ಲ ಎಳೆಯ ಕುರಿಯ ಮಾತು. ಕುರಿಗಾಹಿಗಳು ಹಲ್ಲು ನೋಡಿ ವಯಸ್ಸು ಹೇಳುವಂತೆ ನಾನೂ ಅಂಗಡಿಯಲ್ಲಿ ಹಲ್ಲನ್ನೇ ವಿಚಾರಿಸುತ್ತೇನೆ. ಹಾಲುಹಲ್ಲು ಬೀಳದ ಮರಿಯ ತೊಡೆ ರೋಸ್ಟಿಗೆ ಹೋಗುತ್ತದೆ. ಹಾಲುಹಲ್ಲು ಬಿದ್ದು ನಾಲ್ಕು ಕಾಯಂ ಹಲ್ಲು ಬಂದದ್ದಾದರೆ ಕೊಲಾಜೆನ್ ಅಷ್ಟು ಸುಲಭವಾಗಿ ಕರಗದಂತೆ ಬಲಿತಿರುತ್ತದೆ, ಅದರ ತೊಡೆಯೂ ನಳ್ಳಿಯ ಪಾತ್ರೆಗೇ.

ಸೂಳೆಕೆರೆಯ ಮೀನು ಸಿಕ್ಕ ದಿನ ಮಾತ್ರ ಈ ಎರಡೂ ಕ್ರಮಗಳನ್ನು ಬದಿಗಿಡುತ್ತೇನೆ. ಮೀನಿನ ಕೊಲಾಜೆನ್ ಕಡಿಮೆ, ಇರುವುದೂ ಬೇಗ ಕರಗುವಂಥದ್ದು, ಆದ್ದರಿಂದ ಅದಕ್ಕೆ ಪೋಚಿಂಗ್ ಸರಿಯಾಗುತ್ತದೆ. ಸಾರು ಪೂರ್ತಿ ಕುದಿದು ರುಚಿ ಕೂಡಿದ ಮೇಲೆ ಉರಿ ತಗ್ಗಿಸಿ, ಗುಳ್ಳೆಗಳೆಲ್ಲ ನಿಂತು ಮೇಲ್ಮೈ ನಡುಗುವಷ್ಟಾದಾಗ ಬೆರಳುದಪ್ಪದ ತುಂಡುಗಳನ್ನು ಜಾರಿಬಿಟ್ಟು ಎಂಟು ನಿಮಿಷ ಮುಚ್ಚಿಡುತ್ತೇನೆ. ಇಲ್ಲಿ ಹುಳಿಯಿಂದ ತೊಂದರೆಯಿಲ್ಲ. ಚಮಚದ ತುದಿಯಿಂದ ಒತ್ತಿದಾಗ ಪದರಗಳು ಬಿಡಿಸಿಕೊಂಡು, ಒಳಗೆ ಗಾಜಿನಂತಿದ್ದ ಬಣ್ಣ ಬೆಳ್ಳಗಾಗಿದ್ದರೆ ಒಲೆ ಆರಿಸಬಹುದು.