ಖಾಲಿ ಮನೆಗೆ ಯಾವ ಬಾಣ?

ಎನ್‌ಎಂಎಂಎಸ್, ನವೋದಯದಂಥ ಪರೀಕ್ಷೆಗಳ ಮಾನಸಿಕ ಸಾಮರ್ಥ್ಯದ ಭಾಗಕ್ಕೆ ತಯಾರಾಗುವ ಮಕ್ಕಳಿಗೆ ಇಂಥ ಪ್ರಶ್ನೆ ಹೊಸದಲ್ಲ. ಒಂಬತ್ತು ಮನೆಗಳ ಚೌಕ, ಕೊನೆಯ ಮನೆ ಖಾಲಿ, ಕೆಳಗೆ ನಾಲ್ಕು ಆಯ್ಕೆ. ಈ ಮಾದರಿಯ ಹೆಸರಾಂತ ಪರೀಕ್ಷೆಯನ್ನು ಬ್ರಿಟನ್ನಿನ ಜಾನ್ ರೇವನ್ 1938ರಲ್ಲೇ ಪ್ರಕಟಿಸಿದ್ದರು. ಒಂದು ಲೆಕ್ಕ ಬಿಡಿಸಿ ನೋಡೋಣ.

```
↑ ಖಾಲಿ     ↗ ಗೆರೆ     → ಕಪ್ಪು
↑ ಗೆರೆ     → ಕಪ್ಪು     ↓ ಖಾಲಿ
↑ ಕಪ್ಪು     ↘ ಖಾಲಿ     ?
```

ಇವು ದಪ್ಪನೆಯ ಬಾಣಗಳು ಎಂದುಕೊಳ್ಳಿ. ಬಾಣದ ಒಳಗೆ ಏನೂ ಇಲ್ಲ, ಇಲ್ಲವೇ ಗೆರೆ ಎಳೆದಿದೆ, ಇಲ್ಲವೇ ಪೂರ್ತಿ ಕಪ್ಪು ತುಂಬಿದೆ.

ಬಹಳ ಮಕ್ಕಳು ತಿರುಗುವುದನ್ನೂ ಬಣ್ಣವನ್ನೂ ಒಟ್ಟಿಗೆ ನೋಡಲು ಹೋಗಿ ಗೊಂದಲಕ್ಕೆ ಬೀಳುತ್ತಾರೆ. ಎರಡನ್ನೂ ಬೇರೆ ಮಾಡಿ. ಮೊದಲು ಬಣ್ಣ ನೋಡಿ, ಅದು ಸುಲಭ. ದಿಕ್ಕನ್ನು ಸದ್ಯಕ್ಕೆ ಮರೆತುಬಿಡಿ. ಮೇಲಿನ ಎರಡೂ ಅಡ್ಡಸಾಲುಗಳಲ್ಲಿ ಖಾಲಿ, ಗೆರೆ, ಕಪ್ಪು ಒಂದೊಂದು ಸಲ ಬಂದಿವೆ. ಮೂರನೆಯದರಲ್ಲಿ ಕಪ್ಪು, ಖಾಲಿ ಆಗಿವೆ. ಉಳಿದದ್ದು ಗೆರೆ. ಈಗಲೇ ಆಯ್ಕೆಗಳತ್ತ ಕಣ್ಣಾಡಿಸಿ, ಗೆರೆ ಇಲ್ಲದವನ್ನು ಹೊಡೆದುಹಾಕಿ. ಕೆಲವೊಮ್ಮೆ ಇಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ.

ಇನ್ನು ತಿರುಗುವಿಕೆ. ಬಾಣವನ್ನು ಗಡಿಯಾರದ ಮುಳ್ಳು ಎಂದುಕೊಂಡರೆ ಲೆಕ್ಕ ಹಗುರ. ಮೊದಲ ಸಾಲಿನಲ್ಲಿ ಅದು 12ರಿಂದ ಒಂದೂವರೆಗೆ, ಅಲ್ಲಿಂದ 3ಕ್ಕೆ ಹೋಗಿದೆ. ಅಂದರೆ ಪ್ರತಿ ಸಲ 45 ಡಿಗ್ರಿ. ಎರಡನೇ ಸಾಲಿನಲ್ಲಿ 12, 3, 6. ಇಲ್ಲಿ ಹೆಜ್ಜೆ 90 ಡಿಗ್ರಿ. ಎಡವುವುದು ಇಲ್ಲೇ: ಒಂದು ಸಾಲಿನ ಹೆಜ್ಜೆಯನ್ನೇ ಸುಮ್ನೆ ಮುಂದಿನ ಸಾಲಿಗೂ ಹಚ್ಚಿಬಿಡುತ್ತಾರೆ. ಸಾಲಿನಿಂದ ಸಾಲಿಗೆ ಹೆಜ್ಜೆಯೇ 45 ಡಿಗ್ರಿ ಬೆಳೆಯುತ್ತಿದೆ, ಅಲ್ವಾ? ಮೂರನೇ ಸಾಲಿನಲ್ಲಿ 135 ಡಿಗ್ರಿ ಆಗಬೇಕು. 12ರಿಂದ ನಾಲ್ಕೂವರೆಗೆ ಬಂದಿರುವುದು ಅದಕ್ಕೆ ಸಾಕ್ಷಿ. ಇನ್ನೊಂದು 135 ಡಿಗ್ರಿ ತಿರುಗಿಸಿದರೆ ಮುಳ್ಳು 9ಕ್ಕೆ ನಿಲ್ಲುತ್ತದೆ. ಉತ್ತರ: ಎಡಕ್ಕೆ ತೋರಿಸುವ, ಗೆರೆ ತುಂಬಿದ ಬಾಣ.

ಕಂಬಸಾಲಿನಲ್ಲಿ ತಾಳೆ ನೋಡಿ. ಮೂರನೇ ಕಂಬಸಾಲಿನ ಬಾಣಗಳು 3, 6, 9ಕ್ಕೆ ನಿಂತಿವೆ. ಬಣ್ಣ ಕಪ್ಪು, ಖಾಲಿ, ಗೆರೆ. ಎರಡೂ ಕೂಡಿ ಬಂದವು. ಅಡ್ಡಸಾಲಿಗೆ ಹೊಂದಿದ ಉತ್ತರ ಕಂಬಸಾಲಿಗೆ ಹೊಂದದಿದ್ದರೆ, ಹೆಜ್ಜೆ ಎಣಿಸಿದ್ದರಲ್ಲಿ ಎಲ್ಲೋ ತಪ್ಪಿದೆಯೇ ಎಂದು ಮತ್ತೆ ನೋಡಿ.

ಬಾಣದ ಬದಲು ಚೌಕ ಇದ್ದರೆ ಜಾಸ್ತಿ ಎಚ್ಚರ ಬೇಕು. ಚೌಕವನ್ನು 90 ಡಿಗ್ರಿ ತಿರುಗಿಸಿದರೂ ಮೊದಲಿನಂತೆಯೇ ಕಾಣುತ್ತದೆ. ಆಗ ತಿರುಗಿದ್ದು ಗೊತ್ತಾಗುವುದು ಕಪ್ಪು ಮಾಡಿದ ಮೂಲೆಯಿಂದ ಮಾತ್ರ. ಆ ಮೂಲೆಯನ್ನೇ ಮುಳ್ಳಿನಂತೆ ಹಿಂಬಾಲಿಸಿ. ಬಾವುಟದಂಥ ಆಕೃತಿಯಲ್ಲಿ ಇನ್ನೊಂದು ಬಲೆ ಇರುತ್ತದೆ. ಆಯ್ಕೆಗಳಲ್ಲಿ ಅದರ ಕನ್ನಡಿ ಬಿಂಬವನ್ನೂ ಇಟ್ಟಿರುತ್ತಾರೆ. ಅನುಮಾನ ಬಂದರೆ ಕೋಲನ್ನು ಮನಸ್ಸಿನಲ್ಲೇ ನೆಟ್ಟಗೆ ನಿಲ್ಲಿಸಿ. ಬಟ್ಟೆ ಮೊದಲು ಬಲಕ್ಕಿದ್ದು ಈಗ ಎಡಕ್ಕೆ ಬಂದರೆ, ಅದು ತಿರುಗಿದ್ದಲ್ಲ, ಮಗುಚಿದ್ದು.