ಪೆಟ್ರೋಲ್ ಮಿಶ್ರಣದ ಲೆಕ್ಕ: ಒಂದು ಆಕ್ಟೇನ್ ಅಂಕದ ಬೆಲೆ ಎಷ್ಟು?

ಸಂಸ್ಕರಣಾಗಾರದಿಂದ ಹೊರಬರುವ ಪೆಟ್ರೋಲ್ ಒಂದೇ ದ್ರವವಲ್ಲ. ಬೇರೆ ಬೇರೆ ವಿಭಾಗಗಳಲ್ಲಿ ತಯಾರಾದ ನಾಲ್ಕಾರು ದ್ರವಗಳನ್ನು ಒಂದು ಟ್ಯಾಂಕಿನಲ್ಲಿ ಬೆರೆಸಿ, ಆಕ್ಟೇನ್ ಸಂಖ್ಯೆ ಇಷ್ಟಕ್ಕಿಂತ ಕಡಿಮೆಯಾಗದಂತೆ, ಆವಿ ಒತ್ತಡ ಇಷ್ಟಕ್ಕಿಂತ ಹೆಚ್ಚಾಗದಂತೆ ಅದನ್ನು ಸಿದ್ಧಪಡಿಸುತ್ತಾರೆ. ಎಂಜಿನ್ನಿನಲ್ಲಿ ತಾನಾಗಿ ಹೊತ್ತಿಕೊಂಡು ಬಡಿತ ಹುಟ್ಟಿಸುವುದನ್ನು ಇಂಧನ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಆಕ್ಟೇನ್ ಸಂಖ್ಯೆ; ಅದು ಎಷ್ಟು ಸುಲಭವಾಗಿ ಆವಿಯಾಗುತ್ತದೆ ಎಂಬುದರ ಅಳತೆ ಆವಿ ಒತ್ತಡ. ಈ ಮಿತಿಗಳೊಳಗೆ ಅತಿ ಕಡಿಮೆ ಖರ್ಚಿನ ಮಿಶ್ರಣ ಯಾವುದು ಎಂಬ ಪ್ರಶ್ನೆಗೆ ಲೀನಿಯರ್ ಪ್ರೋಗ್ರಾಮಿಂಗ್ ವಿಧಾನ ಉತ್ತರ ಕೊಡುತ್ತದೆ. ವಿಮಾನ ಇಂಧನದ ಮಿಶ್ರಣಕ್ಕೆ ಈ ವಿಧಾನವನ್ನು ಅನ್ವಯಿಸಿದ ಲೇಖನ 1952ರಲ್ಲೇ ಪ್ರಕಟವಾಗಿತ್ತು. ಮಿಶ್ರಣದ ಪ್ರಮಾಣದ ಜೊತೆಗೆ ಇದೇ ಲೆಕ್ಕದಿಂದ ಇನ್ನೊಂದು ಸಂಖ್ಯೆಯೂ ಸಿಗುತ್ತದೆ. ಒಂದು ಮಿತಿಯನ್ನು ಸ್ವಲ್ಪ ಬಿಗಿಗೊಳಿಸಿದರೆ ಖರ್ಚು ಎಷ್ಟು ಏರುತ್ತದೆ ಎಂದು ಹೇಳುವ ಆ ಸಂಖ್ಯೆಗೆ ಛಾಯಾ ಬೆಲೆ ಎಂದು ಹೆಸರು. ಇಲ್ಲಿ ಆಕ್ಟೇನ್ ಮಿತಿಯ ಛಾಯಾ ಬೆಲೆಯನ್ನು ಕೈಯಿಂದಲೇ ಲೆಕ್ಕ ಹಾಕಿ ತೋರಿಸಲಾಗಿದೆ.

ಮೊದಲು ಘಟಕಗಳ ಗುಣಗಳನ್ನು ಬರೆದುಕೊಳ್ಳಿ

ನಮ್ಮ ಉದಾಹರಣೆಯಲ್ಲಿ 1000 ಕಿಲೋಲೀಟರ್ ಪೆಟ್ರೋಲ್ ಬೇಕಾಗಿದೆ. ಲಭ್ಯವಿರುವ ಘಟಕಗಳು ನಾಲ್ಕು. ಕಚ್ಚಾ ತೈಲದಿಂದ ನೇರವಾಗಿ ಬಟ್ಟಿ ಇಳಿಸಿದ ಹಗುರ ನ್ಯಾಫ್ತಾದ ಆಕ್ಟೇನ್ ಸಂಖ್ಯೆ 68, ಕಿಲೋಲೀಟರಿಗೆ ಬೆಲೆ 50. ನ್ಯಾಫ್ತಾದ ಅಣುಗಳನ್ನು ಮರುರೂಪಿಸಿ ಪಡೆದ ರಿಫಾರ್ಮೇಟ್‌ನ ಆಕ್ಟೇನ್ 98, ಬೆಲೆ 70. ಬ್ಯೂಟೇನ್‌ನ ಆಕ್ಟೇನ್ 93, ಬೆಲೆ 40. ಹಗುರ ಅನಿಲಗಳ ಅಣುಗಳನ್ನು ಜೋಡಿಸಿ ಮಾಡಿದ ಆಲ್ಕಿಲೇಟ್‌ನ ಆಕ್ಟೇನ್ 95, ಬೆಲೆ 76. ಈ ಬೆಲೆಗಳೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು; ಯಾವ ನಾಣ್ಯದಲ್ಲಿ ಓದಿದರೂ ತರ್ಕ ಬದಲಾಗುವುದಿಲ್ಲ. ರಿಫಾರ್ಮೇಟ್ ಮಾತ್ರ 800 ಕಿಲೋಲೀಟರ್‌ಗಿಂತ ಹೆಚ್ಚು ದಾಸ್ತಾನಿಲ್ಲ ಎಂದುಕೊಳ್ಳೋಣ.

ಮಿತಿಗಳು ಎರಡು: ಆಕ್ಟೇನ್ ಕನಿಷ್ಠ 91 ಇರಬೇಕು, ಆವಿ ಒತ್ತಡ ಗರಿಷ್ಠ 57 ಕಿಲೋಪಾಸ್ಕಲ್ ಇರಬಹುದು.

ಆವಿ ಒತ್ತಡವನ್ನು ಸೂಚ್ಯಂಕಕ್ಕೆ ತಿರುಗಿಸಿ

ಲೀನಿಯರ್ ಪ್ರೋಗ್ರಾಮಿಂಗ್‌ಗೆ ಒಂದು ಕಟ್ಟುಪಾಡು ಇದೆ. ಮಿಶ್ರಣದ ಗುಣವು ಘಟಕಗಳ ಗುಣದ ಸರಾಸರಿಯಾಗಿ, ಅಂದರೆ ಪ್ರಮಾಣಕ್ಕೆ ತಕ್ಕ ನೇರ ಅನುಪಾತದಲ್ಲಿ ಬರಬೇಕು. ಆಕ್ಟೇನ್ ಮಟ್ಟಿಗೆ ಈ ಊಹೆ ಹೆಚ್ಚು ಕಡಿಮೆ ನಡೆಯುತ್ತದೆ; ಆವಿ ಒತ್ತಡದ ಮಟ್ಟಿಗೆ ನಡೆಯುವುದಿಲ್ಲ. ನ್ಯಾಫ್ತಾದ ಆವಿ ಒತ್ತಡ ಸುಮಾರು 75 ಕಿಲೋಪಾಸ್ಕಲ್, ರಿಫಾರ್ಮೇಟ್‌ನದು 20, ಆಲ್ಕಿಲೇಟ್‌ನದು 35, ಬ್ಯೂಟೇನ್‌ನದು ಸುಮಾರು 355. ಬ್ಯೂಟೇನ್ ಮಿಶ್ರಣದಲ್ಲಿ ಚೂರೇ ಇದ್ದರೂ ತನ್ನ ಪಾಲಿಗಿಂತ ಹೆಚ್ಚು ಒತ್ತಡ ಹುಟ್ಟಿಸುತ್ತದೆ.

ಆದ್ದರಿಂದ ಉದ್ಯಮದಲ್ಲಿ ಒತ್ತಡ P ಬದಲಿಗೆ P^1.25 ಎಂಬ ಸೂಚ್ಯಂಕವನ್ನು ಬಳಸುವ ರೂಢಿಯಿದೆ. ಈ ಸೂಚ್ಯಂಕ ಸುಮಾರಾಗಿ ನೇರ ಸರಾಸರಿಯಂತೆ ಬೆರೆಯುತ್ತದೆ. ಹಾಗೆ ತಿರುಗಿಸಿದರೆ ನ್ಯಾಫ್ತಾಕ್ಕೆ ಸುಮಾರು 220, ರಿಫಾರ್ಮೇಟ್‌ಗೆ 42, ಆಲ್ಕಿಲೇಟ್‌ಗೆ 85, ಬ್ಯೂಟೇನ್‌ಗೆ 1541 ಬರುತ್ತದೆ. 57 ಕಿಲೋಪಾಸ್ಕಲ್ ಎಂಬ ಮಿತಿ 157 ಆಗುತ್ತದೆ. ಈ ಹೆಜ್ಜೆಯನ್ನು ಬಿಟ್ಟುಬಿಡುವುದೇ ಹೊಸಬರು ಮಾಡುವ ಅತಿ ದುಬಾರಿ ತಪ್ಪು. ಏಕೆಂದರೆ ಕೆಳಗೆ ನಾವು ಪಡೆಯಲಿರುವ ಮಿಶ್ರಣಕ್ಕೇ ನೇರ ಸರಾಸರಿ ತೆಗೆದರೆ ಒತ್ತಡ ಕೇವಲ 49 ಎಂದು ಕಾಣುತ್ತದೆ. ಇನ್ನೂ ಜಾಗವಿದೆಯೆಂದು ನಂಬಿದ ಲೆಕ್ಕವು ಅಗ್ಗದ ಬ್ಯೂಟೇನನ್ನು ಮತ್ತಷ್ಟು ಸುರಿಯುತ್ತದೆ, ಮತ್ತು ಆ ಟ್ಯಾಂಕು ಪ್ರಯೋಗಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ.

ಮಾದರಿಯನ್ನು ಬರೆಯಿರಿ

ನ್ಯಾಫ್ತಾ n, ರಿಫಾರ್ಮೇಟ್ r, ಬ್ಯೂಟೇನ್ b, ಆಲ್ಕಿಲೇಟ್ a ಎಂದು ಇಟ್ಟುಕೊಂಡರೆ ಇಡೀ ಸಮಸ್ಯೆ ಇಷ್ಟೇ:

```
Minimize
 cost: 50 n + 70 r + 40 b + 76 a
Subject To
 vol: n + r + b + a = 1000
 ron: 68 n + 98 r + 93 b + 95 a >= 91000
 rvp: 220 n + 42 r + 1541 b + 85 a <= 157000
 stock: r <= 800
End
```

ಬಲಬದಿಯ 91000 ಎಂಬುದು 91ನ್ನು 1000 ಕಿಲೋಲೀಟರಿನಿಂದ ಗುಣಿಸಿದ ಸಂಖ್ಯೆ. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಛಾಯಾ ಬೆಲೆಯನ್ನು ಓದುವಾಗ ಗೊಂದಲ ಹುಟ್ಟುವುದು ಇಲ್ಲಿಂದಲೇ. ಈ ಪಠ್ಯವನ್ನು `blend.lp` ಎಂಬ ಕಡತದಲ್ಲಿ ಉಳಿಸಿ, ಉಚಿತವಾಗಿ ಸಿಗುವ GLPK ತಂತ್ರಾಂಶದಲ್ಲಿ `glpsol --lp blend.lp -o blend.txt` ಎಂದು ಓಡಿಸಿದರೆ ಉತ್ತರ `blend.txt` ಕಡತದಲ್ಲಿ ಬರುತ್ತದೆ.

ಉತ್ತರವನ್ನು ಕೈಯಿಂದ ಪರೀಕ್ಷಿಸಿ

ಉತ್ತರ ಹೀಗಿದೆ: ನ್ಯಾಫ್ತಾ 225, ರಿಫಾರ್ಮೇಟ್ 725, ಬ್ಯೂಟೇನ್ 50, ಆಲ್ಕಿಲೇಟ್ ಸೊನ್ನೆ. ಒಟ್ಟು ಖರ್ಚು 64,000. ಆಕ್ಟೇನ್ ಸರಿಯಾಗಿ 91ಕ್ಕೆ, ಆವಿ ಸೂಚ್ಯಂಕ ಸರಿಯಾಗಿ 157ಕ್ಕೆ ಬಂದು ನಿಂತಿವೆ, ಅಂದರೆ ಎರಡೂ ಮಿತಿಗಳು ಬಿಗಿಯಾಗಿವೆ. ದಾಸ್ತಾನಿನ ಮಿತಿ ಬಿಗಿಯಾಗಿಲ್ಲ, ಇನ್ನೂ 75 ಕಿಲೋಲೀಟರ್ ರಿಫಾರ್ಮೇಟ್ ಉಳಿದಿದೆ. ಬಿಗಿಯಾಗದ ಮಿತಿಯ ಛಾಯಾ ಬೆಲೆ ಯಾವಾಗಲೂ ಸೊನ್ನೆ: ಇರುವುದೇ ಬಳಕೆಯಾಗದೆ ಉಳಿದಿರುವಾಗ ಇನ್ನೊಂದು ಕಿಲೋಲೀಟರ್ ಬಂದರೆ ಖರ್ಚು ಇಳಿಯುವುದಿಲ್ಲ.

ಎರಡು ಮಿತಿಗಳು ಬಿಗಿ, ಆಲ್ಕಿಲೇಟ್ ಸೊನ್ನೆ ಎಂದು ಗೊತ್ತಾದ ಮೇಲೆ ಕೈಲೆಕ್ಕ ಸುಲಭ. ರಿಫಾರ್ಮೇಟ್‌ನ ಬದಲಿಗೆ 1000 − n − b ಎಂದು ಹಾಕಿದರೆ ಆಕ್ಟೇನ್ ಸಾಲು 30n + 5b = 7000 ಎಂದೂ, ಆವಿಯ ಸಾಲು 178n + 1499b = 115000 ಎಂದೂ ಸರಳವಾಗುತ್ತದೆ. n = 225, b = 50 ಎಂಬ ಮೌಲ್ಯಗಳು ಎರಡಕ್ಕೂ ಹೊಂದುತ್ತವೆ.

ಮಿತಿಯನ್ನು ಒಂದು ಅಂಕ ಏರಿಸಿ

ಈಗ ಆಕ್ಟೇನ್ ಮಿತಿಯನ್ನು 92 ಮಾಡೋಣ. ಮೊದಲ ಸಮೀಕರಣದ ಬಲಬದಿ 7000ದಿಂದ 6000ಕ್ಕೆ ಇಳಿಯುತ್ತದೆ, ಎರಡನೆಯದು ಹಾಗೆಯೇ ಉಳಿಯುತ್ತದೆ. ಬಿಡಿಸಿದರೆ ನ್ಯಾಫ್ತಾ ಸುಮಾರು 191, ರಿಫಾರ್ಮೇಟ್ 755, ಬ್ಯೂಟೇನ್ 54. ಖರ್ಚು 64,559. ಏರಿಕೆ 559, ಈ ಸಾವಿರ ಕಿಲೋಲೀಟರಿಗೆ ಒಂದು ಆಕ್ಟೇನ್ ಅಂಕದ ಛಾಯಾ ಬೆಲೆ ಅದೇ. ತಂತ್ರಾಂಶದ ವರದಿಯಲ್ಲಿ `ron` ಸಾಲಿನ ಎದುರು, `Marginal` ಎಂಬ ಅಂಕಣದಲ್ಲಿ ಇದು 0.559 ಎಂದು ಕಾಣುತ್ತದೆ. ಬಲಬದಿ 91000 ಎಂದು ಬರೆದಿರುವುದರಿಂದ ಅದು 91000ದಿಂದ 91001ಕ್ಕೆ ಏರಿದಾಗಿನ ಬೆಲೆ. ಪೂರ್ತಿ ಅಂಕಕ್ಕೆ 1000ದಿಂದ ಗುಣಿಸಬೇಕು. `rvp` ಸಾಲಿನ ಎದುರು −0.018 ಇರುತ್ತದೆ. ಅಲ್ಲಿನ ಋಣ ಚಿಹ್ನೆಯ ಅರ್ಥ, ಆವಿಯ ಮಿತಿಯನ್ನು ಸಡಿಲಿಸಿದರೆ ಖರ್ಚು ಇಳಿಯುತ್ತದೆ ಎಂದು.

ಈ 559ರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅನುಭವಿಯೊಬ್ಬರನ್ನು ಕೇಳಿದರೆ, ಆಕ್ಟೇನ್ ಬೇಕಾದರೆ ನ್ಯಾಫ್ತಾ ತೆಗೆದು ರಿಫಾರ್ಮೇಟ್ ಹಾಕಬೇಕು, ಬೆಲೆಯ ವ್ಯತ್ಯಾಸ 20, ಆಕ್ಟೇನ್ ವ್ಯತ್ಯಾಸ 30, ಆದ್ದರಿಂದ ಸಾವಿರ ಕಿಲೋಲೀಟರಿಗೆ ಒಂದು ಅಂಕಕ್ಕೆ 667 ಖರ್ಚಾಗುತ್ತದೆ ಎಂದು ಹೇಳಿಯಾರು. ಆ ಲೆಕ್ಕದಲ್ಲಿ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದೆ. ಒಂದು ಕೊಂಡಿ ಮಾತ್ರ ಬಿಟ್ಟುಹೋಗಿದೆ. ನ್ಯಾಫ್ತಾ ಬೇಗ ಆವಿಯಾಗುವ ದ್ರವ, ರಿಫಾರ್ಮೇಟ್ ಹಾಗಲ್ಲ. 34 ಕಿಲೋಲೀಟರ್ ನ್ಯಾಫ್ತಾ ಹೊರಹೋದಾಗ ಆವಿ ಒತ್ತಡದ ಮಿತಿಯಲ್ಲಿ ಸ್ವಲ್ಪ ಜಾಗ ತೆರವಾಗುತ್ತದೆ. ಆ ಜಾಗದಲ್ಲಿ 4 ಕಿಲೋಲೀಟರ್ ಬ್ಯೂಟೇನ್ ಒಳಬರುತ್ತದೆ, ಎಲ್ಲಕ್ಕಿಂತ ಅಗ್ಗವಾಗಿದ್ದೂ 93 ಆಕ್ಟೇನ್ ಇರುವ ಘಟಕ ಅದು. ಹಾಗಾಗಿ ರಿಫಾರ್ಮೇಟ್ 33 ಕಿಲೋಲೀಟರ್ ಬೇಕಾಗುವ ಬದಲು 30ರಲ್ಲಿ ಮುಗಿಯುತ್ತದೆ. ಒಂದು ಮಿತಿಯ ಬೆಲೆಯಲ್ಲಿ ಇನ್ನೊಂದು ಮಿತಿಯ ಪರಿಣಾಮವೂ ಸೇರಿಕೊಂಡಿರುತ್ತದೆ ಎಂಬುದನ್ನು ಜೋಡಿ ಜೋಡಿಯಾಗಿ ಹೋಲಿಸುವ ಕೈಲೆಕ್ಕ ತೋರಿಸುವುದಿಲ್ಲ.

ಆಲ್ಕಿಲೇಟ್ ಏಕೆ ಸೊನ್ನೆ?

ಛಾಯಾ ಬೆಲೆಗಳಿಂದ ಬಳಸದ ಘಟಕದ ಯೋಗ್ಯತೆಯನ್ನೂ ಅಳೆಯಬಹುದು. ಒಟ್ಟು ಪ್ರಮಾಣವನ್ನು ಹೇಳುವ `vol` ಸಾಲಿನ ಛಾಯಾ ಬೆಲೆ 15.98. ಒಂದು ಕಿಲೋಲೀಟರ್ ಆಲ್ಕಿಲೇಟ್‌ನಿಂದ ಈ ಮಿಶ್ರಣಕ್ಕೆ ಆಗುವ ಉಪಯೋಗ 15.98 + 95 × 0.559 − 85 × 0.0181, ಅಂದರೆ ಸುಮಾರು 67.5. ಕೇಳುತ್ತಿರುವ ಬೆಲೆ 76. ಬೆಲೆ 67.5ಕ್ಕಿಂತ ಕೆಳಗಿಳಿಯುವವರೆಗೆ ಅದನ್ನು ಮುಟ್ಟಬಾರದು. ಖರೀದಿ ವಿಭಾಗದವರಿಗೆ ಮಿಶ್ರಣದ ಪಟ್ಟಿಗಿಂತ ಈ ಸಂಖ್ಯೆಯೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಬೆಲೆ ಎಲ್ಲಿಯವರೆಗೆ ನಿಲ್ಲುತ್ತದೆ?

559 ಎಂಬುದು ಶಾಶ್ವತ ದರವಲ್ಲ. ಪ್ರತಿ ಅಂಕಕ್ಕೂ ರಿಫಾರ್ಮೇಟ್ ಸುಮಾರು 30 ಕಿಲೋಲೀಟರ್ ಹೆಚ್ಚುತ್ತಾ ಹೋಗುವುದರಿಂದ, ಉಳಿದಿರುವ 75 ಕಿಲೋಲೀಟರ್ ಎರಡೂವರೆ ಅಂಕಕ್ಕೆ ಸಾಕು. ಆಕ್ಟೇನ್ 93.5ರ ಹತ್ತಿರ ದಾಸ್ತಾನು ಮುಗಿಯುತ್ತದೆ. ಅದಕ್ಕಿಂತ ಮೇಲೆ ಹೋಗಬೇಕಾದರೆ ದುಬಾರಿ ಆಲ್ಕಿಲೇಟ್ ಒಳಬರಲೇಬೇಕು. ಅಲ್ಲಿಂದ ಒಂದು ಅಂಕದ ಬೆಲೆ 559ರಿಂದ ಒಮ್ಮೆಗೇ 845ಕ್ಕೆ ಜಿಗಿಯುತ್ತದೆ. 95 ಆಕ್ಟೇನಿನ ಪೆಟ್ರೋಲಿಗೆ ಖರ್ಚೆಷ್ಟು ಎಂದು ಕೇಳಿದಾಗ 559ನ್ನು ನಾಲ್ಕರಿಂದ ಗುಣಿಸಿ ಉತ್ತರ ಕೊಟ್ಟರೆ ಅಂದಾಜು ಕಡಿಮೆ ಬೀಳುತ್ತದೆ. ಮಿತಿಯ ಬಲಬದಿ ಯಾವ ವ್ಯಾಪ್ತಿಯೊಳಗೆ ಬದಲಾದರೆ ಛಾಯಾ ಬೆಲೆ ಹಾಗೆಯೇ ಉಳಿಯುತ್ತದೆ ಎಂದು ತಿಳಿಸುವ ಸೂಕ್ಷ್ಮತೆಯ ವರದಿಯನ್ನು ಬಹುತೇಕ ತಂತ್ರಾಂಶಗಳು ಕೊಡುತ್ತವೆ. ಬೆಲೆಯನ್ನು ಓದುವಾಗ ಆ ವ್ಯಾಪ್ತಿಯನ್ನೂ ಓದಬೇಕು.

ತಿಳಿದವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವೂ ಹೌದು. ರಿಫಾರ್ಮೇಟ್‌ನ ಬಹುಪಾಲು, ಬೆಂಜೀನ್‌ನಂತೆ ಉಂಗುರ ರಚನೆಯಿರುವ ಆರೊಮ್ಯಾಟಿಕ್ ಸಂಯುಕ್ತಗಳೇ. ಅದರಲ್ಲಿ ಶೇ 60ರಷ್ಟು ಅವೇ ಇವೆ ಎಂದು ಹಿಡಿದರೂ, 725 ಕಿಲೋಲೀಟರ್ ಹಾಕಿದ ಮಿಶ್ರಣದಲ್ಲಿ ಅವು ಶೇ 43.5 ಆಗುತ್ತವೆ. ಶೇ 35ರ ಮಿತಿ ಇರುವಲ್ಲಿ ಈ ಪೆಟ್ರೋಲನ್ನು ಮಾರುವಂತೆಯೇ ಇಲ್ಲ. ಉಳಿದ ಘಟಕಗಳಲ್ಲಿರುವ ಅಲ್ಪ ಅಂಶವನ್ನು ಕಡೆಗಣಿಸಿ ಆ ಸಾಲನ್ನು ಸೇರಿಸಿದರೆ ರಿಫಾರ್ಮೇಟ್ 583ಕ್ಕೆ ನಿಲ್ಲುತ್ತದೆ, ಆಲ್ಕಿಲೇಟ್ ಸುಮಾರು 160 ಕಿಲೋಲೀಟರ್ ಬರುತ್ತದೆ, ಖರ್ಚು 65,353 ಆಗುತ್ತದೆ. ಆಗ 91ರಲ್ಲೇ ಒಂದು ಆಕ್ಟೇನ್ ಅಂಕದ ಬೆಲೆ ಮತ್ತೆ 845. ದಾಸ್ತಾನು ಕಟ್ಟಿಹಾಕಲಿ, ಆರೊಮ್ಯಾಟಿಕ್ ಮಿತಿ ಕಟ್ಟಿಹಾಕಲಿ, ರಿಫಾರ್ಮೇಟ್ ಅಲುಗಾಡದಂತಾದ ಮೇಲೆ ಹೆಚ್ಚು ಕಡಿಮೆ ಮಾಡಲು ಉಳಿಯುವುದು ಅವೇ ಮೂರು ಘಟಕಗಳು, ಹಾಗಾಗಿ ಬೆಲೆಯೂ ಅದೇ.

ಟ್ಯಾಂಕಿನ ಬಳಿ

ಆಕ್ಟೇನ್ ಅಳೆಯುವ ಪರೀಕ್ಷಾ ಎಂಜಿನ್ನಿನ ಅಳತೆಯಲ್ಲಿ ಅಂಕದ ಕೆಲವು ದಶಾಂಶಗಳಷ್ಟು ಏರುಪೇರು ಇದ್ದೇ ಇರುತ್ತದೆ. ಹೀಗಾಗಿ ಮಿಶ್ರಣ ಮಾಡುವವರು 91ರ ಬದಲು 91.3ಕ್ಕೆ ಗುರಿಯಿಡುತ್ತಾರೆ. ಮೊದಲ ಮಾದರಿಯ ಬೆಲೆಯಲ್ಲಿ ಆ ಎಚ್ಚರಿಕೆಯ ಖರ್ಚು ಪ್ರತಿ ಟ್ಯಾಂಕಿಗೆ 168, ಆರೊಮ್ಯಾಟಿಕ್ ಮಿತಿ ಸೇರಿದ ಮಾದರಿಯಲ್ಲಿ 254. ಅಳತೆಯನ್ನು ಸುಧಾರಿಸಲು ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಈ ಸಂಖ್ಯೆಯಿಂದಲೇ ನಿರ್ಧರಿಸಬಹುದು. ಇನ್ನೊಂದು ಕಡೆ, ರಿಫಾರ್ಮೇಟ್‌ನ ಪಾಲು ಬದಲಾದಾಗಲೆಲ್ಲ ಲೆಕ್ಕದ ಆಕ್ಟೇನ್ ಮತ್ತು ಎಂಜಿನ್ ತೋರಿಸುವ ಆಕ್ಟೇನ್ ಒಂದೇ ದಿಕ್ಕಿನಲ್ಲಿ ಬೇರೆಯಾಗುತ್ತಿದ್ದರೆ, ತಪ್ಪು ಅಳತೆಯದಲ್ಲ, ಮೊದಲು ಬರೆದುಕೊಂಡ 98 ಅಥವಾ 68ರದು. ಘಟಕವನ್ನು ಒಂಟಿಯಾಗಿ ಅಳೆದ ಆಕ್ಟೇನ್ ಬೇರೆ, ಅದು ಮಿಶ್ರಣದಲ್ಲಿ ತೋರುವ ಆಕ್ಟೇನ್ ಬೇರೆ. ಇತ್ತೀಚಿನ ಟ್ಯಾಂಕುಗಳ ಫಲಿತಾಂಶದಿಂದ ಹಿಂದಕ್ಕೆ ಲೆಕ್ಕ ಹಾಕಿ ಆ ಸಂಖ್ಯೆಯನ್ನು ತಿದ್ದಿ, ಮಾದರಿಯನ್ನು ಮತ್ತೆ ಓಡಿಸಬೇಕು.