ಬಿಡಿಎಸ್ ಸೀಟು ಬಿಡುವ ಮುನ್ನ ನಾನು ಮಾಡಿದ ಲೆಕ್ಕ

2024ರ ನೀಟ್‌ನಲ್ಲಿ ನನಗೆ ಬಂದದ್ದು 566. ಜುಲೈ ಕೊನೆಗೆ ಪರಿಷ್ಕೃತ ಫಲಿತಾಂಶ ಬಂದಾಗ ರ‍್ಯಾಂಕ್ 1,24,000ದ ಆಸುಪಾಸಿನಲ್ಲಿತ್ತು. ಸರ್ಕಾರಿ ಎಂಬಿಬಿಎಸ್ ಕೈಗೆಟುಕುವಂತಿರಲಿಲ್ಲ. ಕೆಇಎ ಕೌನ್ಸೆಲಿಂಗ್‌ನಲ್ಲಿ ಖಾಸಗಿ ಕಾಲೇಜೊಂದರ ಸರ್ಕಾರಿ ಕೋಟಾದ ಬಿಡಿಎಸ್ ಸೀಟು ಸಿಗುವ ಹಾಗಿತ್ತು. 'ಕೈಗೆ ಬಂದದ್ದನ್ನ ಬಿಡಬೇಡವ್ವ' ಅಂದರು ಅಮ್ಮ. ಅಪ್ಪ ಏನೂ ಹೇಳಲಿಲ್ಲ. ಅದು ಇನ್ನೂ ಕಷ್ಟ.

'ಈ ಸಲ ಇನ್ನೂ ಚೆನ್ನಾಗಿ ಓದುತ್ತೇನೆ' ಎಂದು ಹೇಳುವುದು ಸುಲಭ. ಅದು ನಿಜವೋ ಅಲ್ಲವೋ ಎಂದು ತಿಳಿಯಲು ಎನ್‌ಟಿಎ ಕೊಟ್ಟ ಒಎಂಆರ್ ಪ್ರತಿ ಮತ್ತು ಅಂತಿಮ ಕೀ ಉತ್ತರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಆ ವರ್ಷ ಉತ್ತರಿಸಬೇಕಿದ್ದ 180 ಪ್ರಶ್ನೆಗಳಲ್ಲಿ 147 ಸರಿ, 22 ತಪ್ಪು, 11 ಖಾಲಿ. ಪ್ರತಿ ತಪ್ಪಿಗೆ ಸಿಗಬೇಕಿದ್ದ ನಾಲ್ಕೂ ಹೋಗಿ, ಮೇಲೊಂದು ಕಳೆಯುವುದರಿಂದ, 22 ತಪ್ಪಿಗೇ 110 ಅಂಕ ಹೋಗಿತ್ತು. ಖಾಲಿ ಬಿಟ್ಟಿದ್ದಕ್ಕೆ 44.

ಇದನ್ನು ವಿಷಯವಾರು ಒಡೆದಾಗ ಕಣ್ಣು ತೆರೆಯಿತು. ಜೀವಶಾಸ್ತ್ರದಲ್ಲಿ 90ಕ್ಕೆ ಮೂರೇ ತಪ್ಪು. ರಸಾಯನಶಾಸ್ತ್ರದಲ್ಲಿ ಏಳು. ಭೌತಶಾಸ್ತ್ರದಲ್ಲಿ ಹನ್ನೆರಡು ತಪ್ಪು, ಜೊತೆಗೆ ಹನ್ನೊಂದೂ ಖಾಲಿ ಅಲ್ಲೇ. 180ಕ್ಕೆ ಬರೀ 76. ಒಂದು ವರ್ಷ ಮತ್ತೆ ಮೂರೂ ವಿಷಯ ಓದುತ್ತೇನೆಂದರೆ ಅದರಲ್ಲಿ ಬಹುಪಾಲು ಬಂದದ್ದನ್ನೇ ಮತ್ತೆ ಓದಿದಂತೆ ಆಗುತ್ತಿತ್ತು.

ಭೌತಶಾಸ್ತ್ರದ ಆ 23 ಪ್ರಶ್ನೆಗಳ ಪಕ್ಕ ಪೆನ್ಸಿಲ್‌ನಲ್ಲಿ ಕಾರಣ ಬರೆದೆ. ಒಂಬತ್ತು ನಾನು ಮುಗಿಸದೇ ಬಿಟ್ಟ ಅಧ್ಯಾಯಗಳವು: ಆವರ್ತನ ಚಲನೆ, ವಿದ್ಯುತ್ಕಾಂತೀಯ ಪ್ರೇರಣೆ, ಎಸಿ ಕರೆಂಟ್. ಎಂಟರಲ್ಲಿ ಲೆಕ್ಕ ಶುರುಮಾಡಿ ಸಮಯ ಸಾಲದೆ ಬಿಟ್ಟಿದ್ದೆ ಅಥವಾ ಅಂದಾಜಿಗೆ ಗುರುತು ಹಾಕಿದ್ದೆ. ಉಳಿದ ಆರರಲ್ಲಿ ಸೂತ್ರವೇ ತಪ್ಪು. ಹಾಳೆ ನೋಡಿದ ಪಿಯು ಕಾಲೇಜಿನ ಭೌತಶಾಸ್ತ್ರದ ಸರ್, 'ಮೊದಲು ಒಂದು ಅಧ್ಯಾಯ ಓದಿ ಬಾರಮ್ಮ. ಅದು ಮೇಲೇಳದಿದ್ದರೆ ಉಳಿದದ್ದೂ ಏಳಲ್ಲ' ಅಂದರು.

ಸೀಟಿನ ಬಗ್ಗೆ ತೀರ್ಮಾನ ಹೇಳಲು ಇನ್ನೂ ದಿನಗಳಿದ್ದವು. ಎಸಿ ಕರೆಂಟನ್ನೇ ಆರಿಸಿದೆ. ಹಿಂದಿನ ನೀಟ್ ಪತ್ರಿಕೆಗಳಿಂದ ಆ ಅಧ್ಯಾಯದ 40 ಪ್ರಶ್ನೆ ತೆಗೆದು, ಓದುವ ಮೊದಲೇ ಇಪ್ಪತ್ತನ್ನು ಗಡಿಯಾರ ಇಟ್ಟುಕೊಂಡು ಬರೆದೆ. ನಾಲ್ಕು ಸರಿಯಾದವು. ಹತ್ತು ದಿನ ಎನ್‌ಸಿಇಆರ್‌ಟಿ ಪುಸ್ತಕದ ಉದಾಹರಣೆಗಳನ್ನೆಲ್ಲ ಬಿಡಿಸಿ, ನೋಡದೇ ಇಟ್ಟಿದ್ದ ಉಳಿದ ಇಪ್ಪತ್ತನ್ನು ಬರೆದೆ. ಹದಿನೈದು ಸರಿ. ಆ ದಿನ ಸಂಜೆ ಸೀಟು ಬಿಡುವುದೆಂದು ಮನೆಯಲ್ಲಿ ಹೇಳಿದೆ. ಹತ್ತು ದಿನದ ನಂತರವೂ ಆರೋ ಏಳೋ ಬಂದಿದ್ದರೆ ಬಿಡಿಎಸ್ ಸೇರುತ್ತಿದ್ದೆ, ಇದನ್ನು ಮೊದಲೇ ಅಪ್ಪನಿಗೆ ಹೇಳಿಟ್ಟಿದ್ದೆ. ಸೇರಿ ನೋಡಿ ಆಮೇಲೆ ಬಿಡೋಣ ಎನ್ನುವ ದಾರಿ ನನಗೆ ಬೇಡವಾಗಿತ್ತು. ಶುಲ್ಕ ಕಟ್ಟಿ, ಮೂಲ ಅಂಕಪಟ್ಟಿ ಕಾಲೇಜಿಗೆ ಒಪ್ಪಿಸಿದ ಮೇಲೆ ನಡುವೆ ಹೊರಬರುವುದು ಸುಲಭವಲ್ಲ.

ಆ ವರ್ಷ ಬೆಳಗಿನ ಹೊತ್ತೆಲ್ಲ ಭೌತಶಾಸ್ತ್ರಕ್ಕೆ ಕೊಟ್ಟೆ. ಡಿಸೆಂಬರ್ ಹೊತ್ತಿಗೆ ಅಣಕು ಪರೀಕ್ಷೆಗಳಲ್ಲಿ ಜೀವಶಾಸ್ತ್ರ ಕುಸಿಯತೊಡಗಿತು. ಬರುತ್ತದೆ ಎಂದು ಬಿಟ್ಟದ್ದೂ ಮರೆಯುತ್ತದೆ. ಆಮೇಲೆ ದಿನಕ್ಕೆ ಒಂದು ಗಂಟೆ ಅದಕ್ಕೂ ತೆಗೆದಿಟ್ಟೆ.

2025ರ ಮೇ 4ರ ಪತ್ರಿಕೆಯಲ್ಲಿ ಆಯ್ಕೆಯ ಪ್ರಶ್ನೆಗಳಿರಲಿಲ್ಲ. 180 ನಿಮಿಷಕ್ಕೆ 180 ಪ್ರಶ್ನೆ. ಭೌತಶಾಸ್ತ್ರ ತೀರಾ ಕಠಿಣ. ಜೂನ್ 14ರಂದು ಫಲಿತಾಂಶ ತೆರೆದರೆ 522. ಹಿಂದಿನದಕ್ಕಿಂತ 44 ಕಡಿಮೆ! ಅಪ್ಪ ಕುರ್ಚಿಯಿಂದ ಎದ್ದು ಹೊರಗೆ ಹೋದರು. ಕೆಳಗಿದ್ದ ರ‍್ಯಾಂಕ್ ನೋಡಿ ನಾನೇ ಅವರನ್ನು ಕೂಗಿ ಕರೆದೆ. 32 ಸಾವಿರದ ಆಸುಪಾಸು. ಹಿಂದಿನ ವರ್ಷ 600 ಅಂಕಕ್ಕೆ 80 ಸಾವಿರದ ಆಸುಪಾಸು ರ‍್ಯಾಂಕ್ ಇತ್ತು. 2025ರಲ್ಲಿ ಇಡೀ ದೇಶದಲ್ಲಿ 600 ದಾಟಿದವರೇ ಸುಮಾರು 1,300 ಮಂದಿ. ಹಾಗಾಗಿ ಎರಡು ವರ್ಷದ ಅಂಕಗಳನ್ನು ಹೋಲಿಸಿ ಯಾರೂ ತೀರ್ಮಾನ ಮಾಡಬಾರದು. ಕೆಇಎ ಜಾಲತಾಣದಲ್ಲಿ ಸಿಗುವ ಹಿಂದಿನ ವರ್ಷಗಳ ಪಟ್ಟಿಯಲ್ಲಿ ನಿಮ್ಮ ವರ್ಗದ ಕೊನೆಯ ರ‍್ಯಾಂಕ್ ನೋಡಿ. ಅಲ್ಲಿ 2ಎ ವರ್ಗಕ್ಕೇ ಸಾಮಾನ್ಯರಿಗೆ 2ಎಜಿ, ಗ್ರಾಮೀಣರಿಗೆ 2ಎಆರ್, ಕನ್ನಡ ಮಾಧ್ಯಮದವರಿಗೆ 2ಎಕೆ ಎಂದು ಬೇರೆ ಬೇರೆ ಸಾಲುಗಳು. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ ಅರ್ಹರಾದವರು ಸಾಮಾನ್ಯ ಸಾಲು ನೋಡಿಯೇ ಕೈಬಿಡಬೇಡಿ.

ನನಗೆ ಸರ್ಕಾರಿ ಎಂಬಿಬಿಎಸ್ ಸೀಟು ಸಿಕ್ಕಿತು. ಇದೇ ಲೆಕ್ಕವನ್ನು ಗೆಳತಿಯೊಬ್ಬಳೂ ಮಾಡಿದ್ದಳು. ಅವಳಿಗೆ 2024 ಎರಡನೇ ಪ್ರಯತ್ನ. ತಪ್ಪುಗಳು ಮೂರೂ ವಿಷಯಗಳಲ್ಲಿ ಸಮನಾಗಿ ಹರಡಿದ್ದವು, ಮೊದಲ ವರ್ಷದ ಒಎಂಆರ್‌ನಲ್ಲೂ ಹಾಗೇ ಇತ್ತಂತೆ. ಹತ್ತು ದಿನದ ಪರೀಕ್ಷೆಯಲ್ಲಿ ಐದರಿಂದ ಏಳಕ್ಕೆ ಏರಿದಳು. ಸಿಕ್ಕ ಬಿಎಎಂಎಸ್ ಸೀಟಿಗೆ ಅದೇ ವಾರ ಶುಲ್ಕ ಕಟ್ಟಿದಳು. ಓದಿನಲ್ಲಿ ಈಗ ನನಗಿಂತ ಒಂದು ವರ್ಷ ಮುಂದಿದ್ದಾಳೆ.